ಮೊಲದ ಹಾಗೆ ಜಿಗಿಯುತ್ತಿದ್ದ ಲ್ಯಾಬ್ರಡಾರ್

"ಡಾಕ್ಟ್ರೇ, ಇವನು ಓಡೋದು ನೋಡ್ರಿ, ಮೊಲ ಜಿಗಿದಂಗೆ ಜಿಗೀತಾನೆ." ನಗುತ್ತಲೇ ಹೇಳಿದರು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕ ಇಟ್ಟುಕೊಂಡವರು ಅವರು. ಜೊತೆಯಲ್ಲಿದ್ದದ್ದು ಎಂಟು ತಿಂಗಳ ಗಂಡು ಲ್ಯಾಬ್ರಡಾರ್, ಚಿನ್ನು. ಬಂದಿದ್ದು ಲಸಿಕೆಗೆ. ಓಟದ ವಿಷಯ ಸುಮ್ನೆ ಮಾತಿಗೆ ಬಂತು, ಅಷ್ಟೇ.

ನನಗೆ ನಗು ಬರಲಿಲ್ಲ. ನಾಯಿ ಓಡುವಾಗ ಹಿಂಗಾಲುಗಳು ಒಂದಾದ ಮೇಲೊಂದು ನೆಲಕ್ಕೆ ತಾಗಬೇಕು. ಎರಡೂ ಒಟ್ಟಿಗೆ ತಾಗಿ ಒಟ್ಟಿಗೆ ಏಳುತ್ತಿದ್ದರೆ, ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಲು ಅದಕ್ಕೆ ಮನಸ್ಸಿಲ್ಲ ಎಂದರ್ಥ. ಎರಡೂ ಸೊಂಟದ ಕೀಲು ಕೆಟ್ಟಿರುವ ನಾಯಿ ಹೆಚ್ಚಾಗಿ ಕುಂಟುವುದಿಲ್ಲ. ಕುಂಟಬೇಕಾದರೆ ಭಾರ ಹಾಕಲು ಇನ್ನೊಂದು ಒಳ್ಳೆಯ ಕಾಲಿರಬೇಕಲ್ವಾ? ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ನನ್ನ ಮೊದಮೊದಲ ವರ್ಷಗಳಲ್ಲಿ ನಾನೂ ಇಂಥ ಒಂದೆರಡು ನಾಯಿಗಳನ್ನು "ಸೋಮಾರಿ" ಎಂದು ವಾಪಸ್ ಕಳಿಸಿದ್ದೇನೆ.

ಚಿನ್ನುವನ್ನು ಕ್ಲಿನಿಕ್ ಮುಂದಿನ ರಸ್ತೆಯಲ್ಲಿ ಅತ್ತಿಂದಿತ್ತ ನಡೆಸಿದೆ. ಹಿಂದಿನಿಂದ ನೋಡಿದರೆ ಸೊಂಟ ಅತ್ತಿತ್ತ ತೂಗುತ್ತಿತ್ತು. ಎದೆ, ಭುಜ ಪೈಲ್ವಾನನ ಹಾಗೆ ದಪ್ಪ, ತೊಡೆ ಮಾತ್ರ ಸಣ್ಣ. ಭಾರವನ್ನೆಲ್ಲ ಮುಂಗಾಲಿಗೆ ದೂಡಿ ದೂಡಿ ಹಾಗಾಗಿತ್ತು. ಮೇಜಿನ ಮೇಲೆ ಹಿಂಗಾಲನ್ನು ಹಿಂದಕ್ಕೆ ಚಾಚಿದ ಕೂಡಲೇ ತಿರುಗಿ ನನ್ನ ಕೈ ನೋಡಿತು. ಕಚ್ಚಲಿಲ್ಲ, ಪಾಪ.

ನಮ್ಮ ಕಡೆ ಕೀಲುನೋವಿನ ನಾಯಿ ಬಂದರೆ ಮೊದಲು ಉಣ್ಣೆ ಜ್ವರ ನೆನಪಾಗಬೇಕು. ಉಣ್ಣೆಯಿಂದ ಬರುವ ಆ ಸೋಂಕಿನಲ್ಲೂ ಕೀಲು ಬಾಯುತ್ತದೆ, ನಾಯಿ ಏಳಲು ಒಲ್ಲೆ ಅನ್ನುತ್ತದೆ. ರಕ್ತ ಪರೀಕ್ಷೆ ಮಾಡಿಸಿದೆವು, ಪ್ಲೇಟ್‌ಲೆಟ್ ಸರಿಯಿತ್ತು, ಸೋಂಕು ಇರಲಿಲ್ಲ. ಮೊಣಕಾಲಿನ ಲಿಗಮೆಂಟ್ ಹರಿದಿದೆಯೋ ಎಂದೂ ನೋಡಿದೆ, ಗಟ್ಟಿಯಾಗಿತ್ತು. ಉಳಿದದ್ದು ಸೊಂಟವೇ.

ಹಿಪ್ ಡಿಸ್ಪ್ಲೇಸಿಯಾ ಅಂದರೆ ಇಷ್ಟು. ತೊಡೆಮೂಳೆಯ ತುದಿಯಲ್ಲಿ ಒಂದು ಗುಂಡು, ಸೊಂಟದ ಮೂಳೆಯಲ್ಲಿ ಅದು ಕೂರಲು ಒಂದು ಬಟ್ಟಲು. ಮರಿ ಹುಟ್ಟುವಾಗ ಎರಡೂ ಸರಿಯಾಗೇ ಇರುತ್ತವೆ. ಆಮೇಲಿನ ವಾರಗಳಲ್ಲಿ ಕೀಲು ಸಡಿಲವಾದರೆ ಗುಂಡು ಬಟ್ಟಲಿನಲ್ಲಿ ಬಿಗಿಯಾಗಿ ಕೂರದೆ ಹೊರಕ್ಕೆ ಜಾರುತ್ತಿರುತ್ತದೆ. ಬೆಳೆಯುವ ಮೂಳೆ ಇನ್ನೂ ಮೆತ್ತಗಿರುತ್ತದೆ. ಜಾರುವ ಗುಂಡು ಬಟ್ಟಲಿನ ಅಂಚನ್ನು ಸವೆಸುತ್ತದೆ, ಬಟ್ಟಲು ತಟ್ಟೆಯ ಹಾಗೆ ಆಳವಿಲ್ಲದಂತಾಗುತ್ತದೆ. ಕೊನೆಗೆ ಸಂಧಿವಾತ. ಸಡಿಲತನ ಬರುವುದು ಹೆಚ್ಚಾಗಿ ಅಪ್ಪ ಅಮ್ಮನಿಂದ. ಅದಕ್ಕೆ ಕಾರಣ ಒಂದೇ ವಂಶವಾಹಿ ಅಲ್ಲ, ಹಲವು. ಅದರಿಂದಲೇ ಚೆನ್ನಾಗಿರುವ ಜೋಡಿಗೂ ಒಮ್ಮೊಮ್ಮೆ ಕೆಟ್ಟ ಸೊಂಟದ ಮರಿ ಹುಟ್ಟುತ್ತದೆ. ಆದರೆ ಆ ಸಡಿಲತನ ಎಷ್ಟು ಕೆಡುತ್ತದೆ ಎನ್ನುವುದರಲ್ಲಿ ನಮ್ಮ ಕೈವಾಡವೂ ಇದೆ.

ಚಿನ್ನುವಿನ ಊಟ ಕೇಳಿದೆ. ದಿನಕ್ಕೆ ಮೂರು ಸಲ ಕೋಳಿ ಅನ್ನ, ಎರಡು ಮೊಟ್ಟೆ, ಅರ್ಧ ಲೀಟರ್ ಹಾಲು, ಅದರ ಮೇಲೆ ಒಂದು ಬಟ್ಟಲು ಪ್ಯಾಕೆಟ್ ಫುಡ್. ಮರಿ ಮಾರಿದವರು ಹೇಳಿದ್ದಾರೆಂದು ಕ್ಯಾಲ್ಸಿಯಂ ಟಾನಿಕ್ ಬೇರೆ, ದಿನಕ್ಕೆರಡು ಸಲ. ತೂಕ 36 ಕಿಲೋ. ಪಕ್ಕೆಲುಬು ಕೈಗೆ ಸಿಗಲಿಲ್ಲ. "ಹುಡುಗ ದುಂಡಗವ್ನೆ ಅಲ್ರೀ?" ಎಂದರು ಹೆಮ್ಮೆಯಿಂದ. ದೊಡ್ಡ ಜಾತಿಯ ಮರಿಗೆ ದುಂಡಗಿರುವುದೇ ಶತ್ರು. ಬರೀ ಮಾಂಸ ಅನ್ನ ತಿನ್ನುವ ಮರಿಗೆ ಕ್ಯಾಲ್ಸಿಯಂ ಸಾಲುವುದಿಲ್ಲ, ಅದು ನಿಜ. ಆದರೆ ದೊಡ್ಡ ಜಾತಿಯ ಮರಿಗಳ ಪ್ಯಾಕೆಟ್ ಫುಡ್‌ನಲ್ಲಿ ಅದು ಅಳತೆಯಾಗಿ ಇರುತ್ತದೆ. ಮರಿಯ ಕರುಳಿಗೆ ಜಾಸ್ತಿಯಾದದ್ದನ್ನು ಬೇಡ ಎನ್ನಲು ಬರುವುದಿಲ್ಲ. ಟಾನಿಕ್ ಅವತ್ತೇ ನಿಲ್ಲಿಸಿದೆ.

ಎಕ್ಸ್‌ರೇಗೆ ನನ್ನಲ್ಲಿ ಯಂತ್ರವಿರಲಿಲ್ಲ. ಮನುಷ್ಯರ ಎಕ್ಸ್‌ರೇ ತೆಗೆಯುವ ಒಂದು ಕಡೆ ರೋಗಿಗಳೆಲ್ಲ ಹೋದ ಮೇಲೆ ರಾತ್ರಿ ಹತ್ತಕ್ಕೆ ಬನ್ನಿ ಎಂದರು. ಮಂಪರಿನ ಇಂಜೆಕ್ಷನ್ ಕೊಟ್ಟೆ. ಎಚ್ಚರವಿರುವ ನಾಯಿಯ ಸೊಂಟದ ಎಕ್ಸ್‌ರೇ ತೆಗೆಯುವುದು ಫಿಲಂ ದಂಡ, ಸ್ನಾಯು ಬಿಗಿಹಿಡಿದು ಸಡಿಲತನವನ್ನೆಲ್ಲ ಮುಚ್ಚಿಬಿಡುತ್ತದೆ. ಮಲಗಿದ ಮೇಲೆ ಮೊದಲು ಕೈಯಿಂದಲೇ ನೋಡಿದೆ. ನಾಯಿಯನ್ನು ಅಂಗಾತ ಮಲಗಿಸಿ, ಮೊಣಕಾಲು ಹಿಡಿದು ತೊಡೆಮೂಳೆಯನ್ನು ಬೆನ್ನಿನ ಕಡೆಗೆ ಒತ್ತಬೇಕು. ಸಡಿಲವಿದ್ದರೆ ಗುಂಡು ಬಟ್ಟಲಿನಿಂದ ಹೊರಬರುತ್ತದೆ. ಹಾಗೇ ಒತ್ತಿಹಿಡಿದು ಕಾಲನ್ನು ನಿಧಾನ ಹೊರಕ್ಕೆ ಅಗಲಿಸಿದರೆ 'ಟೊಕ್' ಎಂದು ಒಳಗೆ ಬೀಳುತ್ತದೆ. ಇದಕ್ಕೆ ಆರ್ಟೊಲಾನಿ ಪರೀಕ್ಷೆ ಎನ್ನುತ್ತಾರೆ. ಬಲಗಡೆಯ ಟೊಕ್ ಪಕ್ಕದಲ್ಲಿದ್ದ ಮಾಲೀಕರ ಕಿವಿಗೂ ಬಿತ್ತು. ಅಲ್ಲಿಂದ ಅವರು ಮಾತೇ ಆಡಲಿಲ್ಲ.

ಮೊದಲ ಫಿಲಂ ಕೆಟ್ಟಿತು. ಕಾಲೆರಡನ್ನೂ ಹಿಂದಕ್ಕೆ ಚಾಚಿ, ಒಂದಕ್ಕೊಂದು ಸಮಾನವಾಗಿ, ಮೊಣಕಾಲ ಚಿಪ್ಪು ನಡುವೆ ಬರುವಂತೆ ಒಳಕ್ಕೆ ತಿರುಗಿಸಿ ಹಿಡಿಯಬೇಕು. ಸೊಂಟದ ಮೂಳೆಯಲ್ಲಿ ಎರಡು ದೊಡ್ಡ ತೂತುಗಳಿರುತ್ತವೆ. ಫಿಲಂನಲ್ಲಿ ಅವೆರಡೂ ಒಂದೇ ಅಳತೆಯಲ್ಲಿ ಕಾಣಬೇಕು. ನಮ್ಮದರಲ್ಲಿ ಒಂದು ದೊಡ್ಡದು, ಒಂದು ಸಣ್ಣದು, ಅಂದರೆ ನಾಯಿ ವಾಲಿತ್ತು. ವಾಲಿದ ಫಿಲಂನಲ್ಲಿ ಒಂದು ಸೊಂಟ ಇದ್ದದ್ದಕ್ಕಿಂತ ಒಳ್ಳೆಯದು, ಇನ್ನೊಂದು ಇದ್ದದ್ದಕ್ಕಿಂತ ಕೆಟ್ಟದ್ದು ಕಾಣುತ್ತದೆ. ಎರಡನೆಯ ಫಿಲಂ ಸರಿಬಂತು.

ಅಳತೆ ಹೀಗೆ. ಎರಡೂ ಗುಂಡುಗಳ ನಡುಬಿಂದುವನ್ನು ಸೇರಿಸಿ ಒಂದು ಗೆರೆ. ನಡುಬಿಂದುವಿನಿಂದ ಬಟ್ಟಲಿನ ಮುಂದಿನ ಅಂಚಿಗೆ ಇನ್ನೊಂದು ಗೆರೆ. ನಡುವಿನ ಕೋನ 105 ಡಿಗ್ರಿ ಅಥವಾ ಹೆಚ್ಚಿದ್ದರೆ ಸಾಮಾನ್ಯವಾಗಿ ಸರಿ ಎನ್ನುತ್ತಾರೆ. ಇದು ನಾರ್ಬರ್ಗ್ ಕೋನ. ಚಿನ್ನುವಿಗೆ ಎಡಗಡೆ 94, ಬಲಗಡೆ 88. ಬಲಗಡೆ ಗುಂಡಿನ ಅರ್ಧಕ್ಕಿಂತ ಜಾಸ್ತಿ ಬಟ್ಟಲಿನ ಹೊರಗಿತ್ತು, ಗುಂಡಿನ ಕೆಳಗೆ ತೊಡೆಮೂಳೆ ಕುತ್ತಿಗೆಯಂತೆ ಸಣ್ಣಗಾಗುವ ಕಡೆ ಹೊಸ ಮೂಳೆ ಬೆಳೆಯಲು ಶುರುವಾಗಿತ್ತು, ಅಂದರೆ ಸಂಧಿವಾತ ಆಗಲೇ ಕಾಲಿಟ್ಟಿತ್ತು.

"ಆಪರೇಷನ್ ಮಾಡಿಸೋಣ, ಎಷ್ಟಾದ್ರೂ ಆಗ್ಲಿ" ಎಂದರು. ದುಡ್ಡೊಂದೇ ಪ್ರಶ್ನೆಯಾಗಿರಲಿಲ್ಲ. ಸುಮಾರು 12ರಿಂದ 20 ವಾರದ ಮರಿಗೆ ಸೊಂಟದ ಕೆಳಗಿನ ಮೂಳೆಯ ಬೆಳವಣಿಗೆ ನಿಲ್ಲಿಸುವ ಸಣ್ಣ ಶಸ್ತ್ರಚಿಕಿತ್ಸೆ ಇದೆ. ಹಾಗೆ ಮಾಡಿದರೆ ಬಟ್ಟಲು ಬೆಳೆಯುತ್ತಾ ಗುಂಡಿನ ಮೇಲೆ ಮುಚ್ಚಿಕೊಳ್ಳುತ್ತದೆ. ಆ ವಯಸ್ಸು ದಾಟಿತ್ತು. ಬಟ್ಟಲನ್ನೇ ಕತ್ತರಿಸಿ ತಿರುಗಿಸಿ ಪ್ಲೇಟ್ ಹಾಕುವುದು ಇನ್ನೊಂದು. ಅದಕ್ಕೆ ಸಂಧಿವಾತ ಶುರುವಾಗಿರಬಾರದು. ಅದೂ ಹೋಯಿತು. ಉಳಿದದ್ದು ಕೀಲನ್ನೇ ಬದಲಿಸುವುದು, ಇಲ್ಲವೇ ಗುಂಡನ್ನು ಕತ್ತರಿಸಿ ತೆಗೆಯುವುದು. ಗುಂಡು ತೆಗೆದರೆ ಆ ಜಾಗದಲ್ಲಿ ಗಟ್ಟಿ ನಾರು ಬೆಳೆದು ಸುಳ್ಳು ಕೀಲಾಗುತ್ತದೆ. ಸಣ್ಣ ನಾಯಿಯಲ್ಲಿ ಇದು ಚೆನ್ನಾಗಿ ಒಗ್ಗುತ್ತದೆ, ಭಾರದ ನಾಯಿಯಲ್ಲಿ ಅಷ್ಟು ನೆಚ್ಚಲಾಗದು. ಇವೆರಡೂ ಯಾವಾಗ ಬೇಕಾದರೂ ಮಾಡಬಹುದಾದವು. ಮೊದಲು ಆರು ತಿಂಗಳು ತೂಕ ಇಳಿಸಿ ನೋಡೋಣ ಎಂದೆ. ಅವರಿಗೆ ಅಷ್ಟು ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ನನಗೆ ನಂಬಿಕೆ ಇರಲು ಕಾರಣವಿತ್ತು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25% ಕಡಿಮೆ ಊಟ ಕೊಟ್ಟು ಸಾಯುವವರೆಗೂ ಗಮನಿಸಿದರು. ಕಡಿಮೆ ತಿಂದವುಗಳಲ್ಲಿ ಸೊಂಟದ ಸಂಧಿವಾತ ಎಷ್ಟೋ ತಡವಾಗಿ ಬಂತು. ಆಯಸ್ಸು ಕೂಡ 11.2ರ ಬದಲು 13 ವರ್ಷವಾಯಿತು. ಈ ಖಾಯಿಲೆಯಲ್ಲಿ ಅಷ್ಟು ಕೆಲಸ ಮಾಡುವ ಮಾತ್ರೆ ನಾನು ಕಂಡಿಲ್ಲ.

ಗುರಿ 30 ಕಿಲೋ. ಹಾಲು, ಅನ್ನ, ಊಟದ ಹೊತ್ತಿನ ರೊಟ್ಟಿ ಚೂರು ಎಲ್ಲ ಬಂದ್. ದಿನಕ್ಕೆ ಪ್ಯಾಕೆಟ್ ಫುಡ್ 280 ಗ್ರಾಂ, ತಕ್ಕಡಿಯಲ್ಲಿ ತೂಗಿ, ಎರಡು ಭಾಗ. ಹೊಟ್ಟೆ ತುಂಬಲು ಬೇಯಿಸಿದ ಬೀನ್ಸ್, ಸೋರೆಕಾಯಿ. ಬಟ್ಟೆ ಬಂಡಲ್ ತೂಗುವ ಯಂತ್ರ ಘಟಕದಲ್ಲೇ ಇತ್ತು, ಹದಿನೈದು ದಿನಕ್ಕೊಮ್ಮೆ ಅದರ ಮೇಲೆ ನಿಲ್ಲಿಸುವುದು. ವಾರಕ್ಕೆ ಮೈತೂಕದ ನೂರರಲ್ಲಿ ಒಂದು ಪಾಲು ಇಳಿದರೆ ಸಾಕು. ಎರಡನೇ ತಿಂಗಳು ತೂಕ ಇಳಿಯದೆ ನಿಂತುಬಿಟ್ಟಿತು. ವಿಚಾರಿಸಿದರೆ ಹೊಲಿಗೆಯವರೆಲ್ಲ ಮಧ್ಯಾಹ್ನದ ಬುತ್ತಿಯಲ್ಲಿ ಒಂದೊಂದು ತುತ್ತು ಕೊಡುತ್ತಿದ್ದರು. ಹನ್ನೊಂದು ಜನ! ಅಲ್ಲಿಂದ ಮುಂದೆ ಊಟದ ಹೊತ್ತಿಗೆ ಚಿನ್ನು ಮಹಡಿಯ ಮೇಲೆ ಎಂದರು. ಮೆಟ್ಟಿಲು ಬೇಡ ಎಂದೆ. ಕೊನೆಗೆ ಕಾರ್ ಶೆಡ್ಡಿನಲ್ಲಿ ಕಟ್ಟಿದರು. ಐದು ತಿಂಗಳಿಗೆ 30ಕ್ಕೆ ಬಂದ.

ಮನೆಯ ನೆಲ ನುಣ್ಣನೆಯ ಗ್ರಾನೈಟ್. ಹಿಂಗಾಲು ಜಾರಿದಾಗಲೆಲ್ಲ ಗುಂಡು ಹೊರಕ್ಕೆ ಸರಿಯುತ್ತದೆ. ರಬ್ಬರ್ ಹಾಸು ತನ್ನಿ ಎಂದೆ. ಅವರ ಹೆಂಡತಿ ಕತ್ತರಿಸಿ ಉಳಿದ ಜೀನ್ಸ್ ಚೂರುಗಳನ್ನೇ ಸೇರಿಸಿ ಉದ್ದನೆಯ ಹಾಸು ಹೊಲಿಸಿ, ಜಾರದಂತೆ ಕೆಳಗೆ ರಬ್ಬರ್ ಅಂಟಿಸಿ, ಬಾಗಿಲಿನಿಂದ ಊಟದ ತಟ್ಟೆಯವರೆಗೆ ಹಾಸಿಬಿಟ್ಟರು. ಈಗ ಬೇರೆ ಮನೆಯವರಿಗೂ ಅದನ್ನೇ ಹೇಳುತ್ತೇನೆ.

ನಡಿಗೆ ಹಗ್ಗ ಹಿಡಿದು, ಮಣ್ಣು ನೆಲದ ಮೇಲೆ, ಮೊದಲು ಹತ್ತು ನಿಮಿಷ, ಆಮೇಲೆ ಇಪ್ಪತ್ತೈದು. ಬೇಸಿಗೆಯಲ್ಲಿ ಬೆಳಗ್ಗೆ ಆರರೊಳಗೆ ಮುಗಿಯಬೇಕು, ಬಳ್ಳಾರಿ ಬಿಸಿಲು ಗೊತ್ತಲ್ಲ. ಚೆಂಡು ಎಸೆದು ಹಿಡಿಸುವುದು, ಸ್ಕೂಟರಿನಿಂದ ಜಿಗಿಸುವುದು ಇಲ್ಲ. ನೀರಿನಲ್ಲಿ ನಡೆಸಿದರೆ ಕೀಲಿಗೆ ಹೆಚ್ಚು ಭಾರ ಬೀಳದೆ ತೊಡೆ ಬೆಳೆಯುತ್ತದೆ. ಕಾಲುವೆಗೆ ಇಳಿಸಬೇಡಿ, ಸೆಳೆತ ಜಾಸ್ತಿ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವೂ ಬೇಡ, ನಾಯಿ ಅಂಚು ಹತ್ತಲಾರದೆ ಮುಳುಗುತ್ತದೆ. ಅವರ ಹೊಲದ ಪಂಪ್‌ಸೆಟ್ ತೊಟ್ಟಿಯಲ್ಲಿ ನೀರು ನಾಯಿಯ ಎದೆಮಟ್ಟಕ್ಕೆ ನಿಲ್ಲಿಸಿ ವಾರಕ್ಕೆ ಮೂರು ದಿನ ನಡೆಸಿದರು. ತೊಡೆಯ ಸುತ್ತಳತೆಯನ್ನು ಟೈಲರ್ ಟೇಪಿನಲ್ಲಿ ಅಳೆದು ಬರೆದಿಡುತ್ತಿದ್ದರು. ಟೇಪಿಗೇನು ಬರ ಆ ಮನೆಯಲ್ಲಿ!

ನೋವಿಗೆ ಮೊದಲ ಎರಡು ವಾರ ಕಾರ್ಪ್ರೊಫೆನ್ 75 ಮಿಲಿಗ್ರಾಂ, ದಿನಕ್ಕೆರಡು ಸಲ, ಊಟದ ಜೊತೆ. ಅದಕ್ಕೂ ಮುಂಚೆ ಲಿವರ್, ಕಿಡ್ನಿಯ ರಕ್ತ ಪರೀಕ್ಷೆ. ಆಮೇಲೆ ನೋವಿದ್ದ ದಿನಗಳಲ್ಲಿ ಮಾತ್ರ. ಎರಡನೇ ವರ್ಷ ಮಾತ್ರೆ ಮುಗಿದಿದ್ದಾಗ ಮನೆಯಲ್ಲಿ ಯಾರೋ ಅಜ್ಜಿಯ ಮಂಡಿನೋವಿನ ಡೈಕ್ಲೊಫೆನಾಕ್ ಕೊಟ್ಟುಬಿಟ್ಟರು. ಎರಡು ದಿನಕ್ಕೆ ವಾಂತಿ, ಡಾಂಬರಿನಂಥ ಕಪ್ಪು ಮಲ. ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿತ್ತು. ನಾಲ್ಕು ದಿನ ಡ್ರಿಪ್ ಹಾಕಿ ಉಳಿಸಿಕೊಂಡೆವು.

ಚಿನ್ನುವಿಗೆ ಈಗ ಆರು ವರ್ಷ. ಹೋದ ವರ್ಷದ ಎಕ್ಸ್‌ರೇಯಲ್ಲಿ ಬಲಗಡೆಯ ಗುಂಡು ಅಣಬೆಯ ಹಾಗಾಗಿದೆ, ಬಟ್ಟಲು ಎಂಬುದೇ ಇಲ್ಲ. ಫಿಲಂ ಅಷ್ಟು ಕೆಟ್ಟಿದ್ದರೂ ನಾಯಿ ದಿನಾ ಅರ್ಧ ಗಂಟೆ ನಡೆಯುತ್ತದೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಏಳಲು ಹೊತ್ತು ಹಿಡಿಯುತ್ತದೆ, ಆಗ ಮಾತ್ರೆ ಶುರು ಮಾಡುತ್ತೇವೆ. ಗುಂಡು ತೆಗೆಯುವ ಮಾತು ಇನ್ನೂ ಬಂದಿಲ್ಲ. ಮಾತ್ರೆಗೂ ಬಗ್ಗದ ನೋವು ಬಂದರೆ ಬರುತ್ತದೆ.

ಕಳೆದ ವರ್ಷ ಕೊಪ್ಪಳದ ಕಡೆಯಿಂದ ಒಬ್ಬರು ತಮ್ಮ ಲ್ಯಾಬ್ರಡಾರನ್ನು ಚರ್ಮದ ತೊಂದರೆಗೆ ತಂದರು. ಮಾತಾಡುತ್ತಾ ಗೊತ್ತಾಯಿತು, ಅದು ಚಿನ್ನುವಿನ ಒಡಹುಟ್ಟು, ಅದೇ ಸೂಲಿನ ಮರಿ. ಸಪೂರ ಮೈ, ಕುಂಟಿಲ್ಲ, ಮೊಲದ ಜಿಗಿತವಿಲ್ಲ. ಬೇಡ ಬೇಡ ಎಂದವರನ್ನು ಒಪ್ಪಿಸಿ ಎಕ್ಸ್‌ರೇ ತೆಗೆಸಿದೆ. ನಾರ್ಬರ್ಗ್ ಕೋನ ಎರಡೂ ಕಡೆ 96. ತಳಿ ಮಾಡುವ ಮುಂಚೆ ಎರಡು ವರ್ಷ ತುಂಬಿದ ನಾಯಿಯ ಎಕ್ಸ್‌ರೇ ನೋಡಬೇಕು ಎನ್ನುವುದು ಇದಕ್ಕೇ. ನಾಲ್ಕು ತಿಂಗಳಿನಲ್ಲೇ ಸಡಿಲತನ ಅಳೆಯುವ ಪೆನ್‌ಹಿಪ್ ಎಂಬ ವಿಧಾನವೂ ಇದೆ, ತರಬೇತಾದವರೇ ಮಾಡಬೇಕು. ನೋಡಿದರೆ ಗೊತ್ತಾಗುವ ಖಾಯಿಲೆ ಇದಲ್ಲ.

"ಇವನನ್ನ ಹೆಣ್ಣಿಗೆ ಬಿಟ್ಟಿದ್ದೀರಾ?" ಎಂದು ಕೇಳಿದೆ.

"ಮೂರು ಸಲ ಆತ್ರಿ" ಎಂದರು. "ಮರಿ ಎಲ್ಲಾ ಗಂಗಾವತಿ ಕಡೆಗೆ ಹೋದವು."