ಚುಕ್ಕಿ ಇಲ್ಲದ ಜಾಗ ಖಾಲಿ ಜಾಗ ಅಲ್ಲ: ಬಿನ್ ಪಿಕಿಂಗ್‌ನಲ್ಲಿ ನನ್ನ ಅನುಭವ

ಕೆಲಸ ಕೇಳೋಕೆ ಸುಲಭವಾಗಿತ್ತು. ಕ್ರೇಟಿನಲ್ಲಿ ಅಡ್ಡಾದಿಡ್ಡಿ ಸುರಿದ ಸ್ಟೀಲ್ ಪಿನ್‌ಗಳು, ಒಂದೊಂದೂ 20 ಮಿ.ಮೀ. ದಪ್ಪ, 60 ಮಿ.ಮೀ. ಉದ್ದ. ರೋಬೋಟ್ ಅವನ್ನು ಒಂದೊಂದಾಗಿ ಎತ್ತಿ ಪಕ್ಕದ ಟ್ರೇಯಲ್ಲಿ ಇಡಬೇಕು. ಕ್ರೇಟಿನ ತಳದಿಂದ ಸುಮಾರು 900 ಮಿ.ಮೀ. ಮೇಲೆ ಸ್ಟ್ರಕ್ಚರ್ಡ್ ಲೈಟ್ ಕ್ಯಾಮೆರಾ, ಅಂದರೆ ಪಟ್ಟೆ ಪಟ್ಟೆ ಬೆಳಕು ಬಿಟ್ಟು ಅದು ಎಲ್ಲಿ ಎಷ್ಟು ಸರಿದಿದೆ ಅಂತ ನೋಡಿ ಆಳ ಲೆಕ್ಕ ಹಾಕುವ ಜಾತಿಯದು. ರೋಬೋಟಿನ ತುದಿಯಲ್ಲಿ ಎರಡು ಬೆರಳಿನ ಗ್ರಿಪ್ಪರ್.

ಮೊದಲ ಹೆಜ್ಜೆ ಪಿನ್‌ಗಳನ್ನು ಬಿಡಿಬಿಡಿಯಾಗಿ ಗುರುತಿಸುವುದು. ಕ್ಯಾಮೆರಾ ಕೊಡುವುದು ಪಾಯಿಂಟ್ ಕ್ಲೌಡ್, ಅಂದರೆ ಅದಕ್ಕೆ ಕಂಡ ಮೇಲ್ಮೈಗಳ ಮೇಲಿನ 3D ಚುಕ್ಕಿಗಳ ರಾಶಿ. ಅದರಿಂದ ಕ್ರೇಟಿನ ಗೋಡೆ, ತಳ ಎಲ್ಲ ಕತ್ತರಿಸಿ ಹಾಕಿದೆ. ಪ್ರತಿ ಚುಕ್ಕಿಗೂ ನಾರ್ಮಲ್, ಅಂದರೆ ಆ ಜಾಗದಲ್ಲಿ ಮೇಲ್ಮೈ ಯಾವ ಕಡೆ ಮುಖ ಮಾಡಿದೆ ಅನ್ನೋದನ್ನು ಲೆಕ್ಕ ಹಾಕಿ, ಎಲ್ಲವನ್ನೂ ಕ್ಯಾಮೆರಾ ಕಡೆಗೆ ತಿರುಗಿಸಿದೆ. ಒಂದೇ ಪಿನ್ನಿನ ಮೈಮೇಲೆ ನಾರ್ಮಲ್ ನಿಧಾನವಾಗಿ ತಿರುಗುತ್ತಾ ಹೋಗುತ್ತದೆ. ಎರಡು ಪಿನ್ ಸೇರುವಲ್ಲಿ ಮಾತ್ರ ಒಳಕ್ಕೆ ಕುಸಿದ ಕಣಿವೆ ಇರುತ್ತದೆ, ಅಲ್ಲಿ ಕತ್ತರಿಸಿದರೆ ತುಂಡುಗಳು ಸಿಗುತ್ತವೆ. ಇಷ್ಟು ಬೇಗ ಆಯಿತು.

ಆಮೇಲೆ ನಾನು ಮಾಡಿದ ತಪ್ಪು ನೋಡಿ. ತುಂಡಿನ ಎಲ್ಲ ಚುಕ್ಕಿಗಳ ಸರಾಸರಿ ತೆಗೆದುಕೊಂಡು ಅದೇ ಪಿನ್ನಿನ ನಡು ಅಂದುಕೊಂಡೆ. ಗ್ರಿಪ್ಪರ್ ಚೆನ್ನಾಗಿಯೇ ಇಳಿಯಿತು, ಬೆರಳು ಮುಚ್ಚಿತು, ಪಿನ್ ಸರ್ರನೆ ಕೆಳಕ್ಕೆ ಜಾರಿತು. ಒಂದೆರಡು ಸಲ ಅಲ್ಲ, ಸುಮಾರು ಸಲ. ಗ್ರಿಪ್ಪರಿನ ಒತ್ತಡ ಕಮ್ಮಿ ಅಂತ ಜಾಸ್ತಿ ಮಾಡಿದೆ, ಆಗ ಇನ್ನೂ ಜೋರಾಗಿ ಚಿಮ್ಮಿತು!

ಕಾರಣ ಸರಳ. ಕ್ಯಾಮೆರಾ ಮೇಲಿನಿಂದ ನೋಡುತ್ತದೆ, ಅದಕ್ಕೆ ಕಾಣುವುದು ಪಿನ್ನಿನ ಬೆನ್ನು ಮಾತ್ರ. ಮೇಲಿನ ಅರ್ಧ ಪೂರ್ತಿ ಕಂಡರೂ ಆ ಅರ್ಧ ವೃತ್ತದ ಸರಾಸರಿ ಅಕ್ಷಕ್ಕಿಂತ 2r/π ಮೇಲೆ ಬೀಳುತ್ತದೆ. ತ್ರಿಜ್ಯ 10 ಮಿ.ಮೀ. ಆದರೆ 6.4 ಮಿ.ಮೀ. ಮೇಲೆ. ಸ್ಟೀಲ್ ಹೊಳೆಯುವುದರಿಂದ ಪಕ್ಕದ ಇಳಿಜಾರಿಗೆ ಬಿದ್ದ ಬೆಳಕು ಬೇರೆ ಕಡೆಗೆ ಚಿಮ್ಮಿ ಹೋಗಿ, ತೀರಾ ಬೆನ್ನ ಮೇಲಿನ ಒಂದು ಪಟ್ಟಿ ಮಾತ್ರ ಸಿಗುತ್ತದೆ, ಆಗ ತಪ್ಪು 10ರ ಹತ್ತಿರಕ್ಕೇ ಹೋಗುತ್ತದೆ. ದುಂಡಗಿನ ವಸ್ತುವನ್ನು ಅದರ ನಡುವಿಗಿಂತ ಮೇಲೆ ಹಿಂಡಿದರೆ ಅದು ಕೆಳಕ್ಕೆ ಜಾರದೆ ಇನ್ನೇನು ಮಾಡುತ್ತದೆ, ಅಲ್ವಾ.

ಪಿನ್ನಿನ ತ್ರಿಜ್ಯ ನಮಗೆ ಮೊದಲೇ ಗೊತ್ತು. ಹಾಗಾಗಿ ಪ್ರತಿ ಚುಕ್ಕಿಯನ್ನೂ ಅದರ ನಾರ್ಮಲ್‌ಗೆ ಎದುರು ದಿಕ್ಕಿನಲ್ಲಿ ಒಂದು ತ್ರಿಜ್ಯದಷ್ಟು ಒಳಕ್ಕೆ ತಳ್ಳಿದೆ. ಬೆನ್ನ ಮೇಲೆ ಹರಡಿದ್ದ ಚುಕ್ಕಿಗಳೆಲ್ಲ ಬಂದು ಅಕ್ಷದ ಗೆರೆಯ ಮೇಲೆ ಕೂರುತ್ತವೆ.

```python
# p: ಚುಕ್ಕಿಗಳು, n: ಕ್ಯಾಮೆರಾ ಕಡೆಗಿನ ನಾರ್ಮಲ್, r = 10.0
c = p - r * n
m = c.mean(axis=0)
_, s, vt = np.linalg.svd(c - m, full_matrices=False)
axis = vt[0]
rms = np.sqrt((s[1]**2 + s[2]**2) / len(c))
```

ಇಲ್ಲಿ `rms`, ಅಂದರೆ ಚುಕ್ಕಿಗಳು ಗೆರೆಯಿಂದ ಸರಾಸರಿ ಎಷ್ಟು ದೂರ ಇವೆ ಅನ್ನೋದು, ನನಗೆ ತುಂಬಾ ಸಹಾಯ ಮಾಡಿತು. ತುಂಡು ನಿಜವಾಗಿ ಒಂದೇ ಪಿನ್ ಆಗಿದ್ದರೆ ಚುಕ್ಕಿಗಳು ಗೆರೆಗೆ ಅಂಟಿಕೊಂಡಿರುತ್ತವೆ. ನನ್ನ ಸೆಟಪ್ಪಿನಲ್ಲಿ 1 ಮಿ.ಮೀ. ದಾಟಿತು ಅಂದರೆ ಒಂದೋ ಎರಡು ಪಿನ್ ಒಂದೇ ತುಂಡಾಗಿ ಸೇರಿವೆ, ಇಲ್ಲ ನಾರ್ಮಲ್ ಕೆಟ್ಟಿದೆ. ಅಂಥದ್ದನ್ನು ಸುಮ್ನೆ ಬಿಟ್ಟುಬಿಡುತ್ತೇನೆ, ಮೇಲಿನ ಪಿನ್ ಎತ್ತಿದ ಮೇಲೆ ಮುಂದಿನ ಫೋಟೋದಲ್ಲಿ ಅದು ತಾನಾಗೇ ಸರಿಯಾಗಿ ಕಾಣುತ್ತದೆ. ಇನ್ನೊಂದು ವಿಷಯ, ಗೆರೆಯ ಉದ್ದ 60ರ ಬದಲು 35 ಮಿ.ಮೀ. ಬಂದರೆ ಪಿನ್ನಿನ ಮೇಲೆ ಬೇರೆ ಪಿನ್ ಮಲಗಿರುವ ಸಾಧ್ಯತೆ ಜಾಸ್ತಿ. ಅದಕ್ಕೂ ಸದ್ಯಕ್ಕೆ ಕೈ ಹಾಕುವುದಿಲ್ಲ.

ಅಕ್ಷ ಸಿಕ್ಕ ಮೇಲೆ ಹಿಡಿಯುವ ಪೋಸ್, ಅಂದರೆ ಗ್ರಿಪ್ಪರ್ ಎಲ್ಲಿ, ಯಾವ ಓರೆಯಲ್ಲಿ ಇರಬೇಕು ಅನ್ನೋದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಬೆರಳು ಮುಚ್ಚುವ ದಿಕ್ಕು ಅಕ್ಷಕ್ಕೆ ಅಡ್ಡ. ಇಳಿಯುವ ದಿಕ್ಕನ್ನು ಅಕ್ಷದ ಸುತ್ತ ಎರಡೂ ಕಡೆ 40 ಡಿಗ್ರಿವರೆಗೆ 10ರ ಹೆಜ್ಜೆಯಲ್ಲಿ ವಾಲಿಸುತ್ತೇನೆ, ಅಕ್ಷದ ಉದ್ದಕ್ಕೂ 5 ಮಿ.ಮೀ. ಹೆಜ್ಜೆಯಲ್ಲಿ ಸರಿಸುತ್ತೇನೆ. ಬೆರಳ ತುದಿ ಅಕ್ಷಕ್ಕಿಂತ 4 ಮಿ.ಮೀ. ಕೆಳಗೆ ಹೋಗಲೇಬೇಕು. ಒಂದು ಪಿನ್ನಿಗೆ ಅರವತ್ತು ಚಿಲ್ಲರೆ ಪೋಸ್‌ಗಳು. ಇವುಗಳಲ್ಲಿ ಯಾವುದು ಎಲ್ಲಿಗೂ ತಾಗುವುದಿಲ್ಲ ಅಂತ ನೋಡಬೇಕು, ನಿಜವಾದ ತಲೆನೋವು ಶುರುವಾಗಿದ್ದು ಇಲ್ಲಿ.

ನಾನು ಬರೆದ ಪರೀಕ್ಷೆ ಹೀಗಿತ್ತು: ಬೆರಳು ಆವರಿಸುವ ಜಾಗದಲ್ಲಿ ಚುಕ್ಕಿ ಇದೆಯಾ? ಇಲ್ಲ ಅಂದರೆ ಇಳಿ. ಮೂರನೇ ದಿನ ಬೆರಳು ನೇರವಾಗಿ ಪಕ್ಕದ ಪಿನ್ನಿಗೆ ಗುದ್ದಿತು, ರೋಬೋಟ್ ಎಮರ್ಜೆನ್ಸಿ ಸ್ಟಾಪ್‌ಗೆ ಹೋಯಿತು, ಬೆರಳ ತುದಿ ಸೊಟ್ಟಗಾಯಿತು. ಸ್ಕ್ರೀನಿನಲ್ಲಿ ನೋಡಿದರೆ ಗುದ್ದಿದ ಜಾಗದಲ್ಲಿ ಒಂದು ಚುಕ್ಕಿಯೂ ಇಲ್ಲ, ಪೂರ್ತಿ ಬಯಲು. ಅಲ್ಲಿದ್ದ ಪಿನ್ ಕ್ಯಾಮೆರಾಗೆ ಹೊಳಪಿನ ಇಳಿಜಾರನ್ನು ತೋರಿಸಿಕೊಂಡು ಮಲಗಿತ್ತು, ಅಷ್ಟೇ. ಇದರ ಜೊತೆಗೆ ಪ್ರೊಜೆಕ್ಟರೂ ಕ್ಯಾಮೆರಾವೂ ಬೇರೆ ಬೇರೆ ಜಾಗದಲ್ಲಿರುವುದರಿಂದ, ಕ್ಯಾಮೆರಾಗೆ ಕಾಣುವ ಗುಂಡಿಗೂ ಪಟ್ಟೆ ಬೆಳಕು ತಲುಪದೇ ಇರಬಹುದು. ಅಲ್ಲೂ ಚುಕ್ಕಿ ಬರುವುದಿಲ್ಲ.

ಆಗ ಕ್ಲೌಡ್ ಬಿಟ್ಟು ಡೆಪ್ತ್ ಇಮೇಜಿಗೆ, ಅಂದರೆ ಪ್ರತಿ ಪಿಕ್ಸೆಲ್‌ನಲ್ಲೂ ಬಣ್ಣದ ಬದಲು ಆಳ ಇರುವ ಚಿತ್ರಕ್ಕೆ, ವಾಪಸ್ ಹೋದೆ. ಕ್ರೇಟಿನ ಒಳಜಾಗವನ್ನು 3 ಮಿ.ಮೀ. ಘನ ಚೌಕಗಳಾಗಿ ಒಡೆದು, ಪ್ರತಿ ಚೌಕ ಇಮೇಜಿನಲ್ಲಿ ಯಾವ ಪಿಕ್ಸೆಲ್ ಮೇಲೆ ಬೀಳುತ್ತದೆ ಅಂತ ನೋಡಿದೆ. ಚೌಕ ಆ ಪಿಕ್ಸೆಲ್ ಅಳೆದ ಆಳಕ್ಕಿಂತ ಕ್ಯಾಮೆರಾಗೆ ಹತ್ತಿರ ಇದ್ದರೆ ಅದು ಖಂಡಿತ ಖಾಲಿ, ಯಾಕೆಂದರೆ ಬೆಳಕು ಅದನ್ನು ದಾಟಿ ಹೋಗಿದೆ. ಅದೇ ಆಳದಲ್ಲಿದ್ದರೆ ತುಂಬಿದೆ. ಅದಕ್ಕಿಂತ ಹಿಂದೆ ಇದ್ದರೆ, ಅಥವಾ ಆ ಪಿಕ್ಸೆಲ್‌ನಲ್ಲಿ ಆಳವೇ ಇಲ್ಲದಿದ್ದರೆ, ಗೊತ್ತಿಲ್ಲ. ಈ ಮೂರನೇ ಉತ್ತರವನ್ನೇ ನಾನು ಅಲ್ಲಿಯವರೆಗೆ ಖಾಲಿ ಅಂತ ಓದುತ್ತಿದ್ದದ್ದು.

ಗೊತ್ತಿಲ್ಲದ್ದೆಲ್ಲ ತುಂಬಿದೆ ಅಂತ ಲೆಕ್ಕ ಹಾಕಿದರೆ ಇನ್ನೊಂದು ಅತಿ, ಒಂದು ಪೋಸೂ ಪಾಸಾಗಲಿಲ್ಲ. ಎತ್ತಬೇಕಾದ ಪಿನ್ನಿನ ಪಕ್ಕೆಗಳ ಹತ್ತಿರವೇ ಆಳ ಸಿಕ್ಕಿರುವುದಿಲ್ಲ, ಬೆರಳು ಹೋಗಬೇಕಾದದ್ದೂ ಅಲ್ಲಿಗೇ. ಕೊನೆಗೆ ದಾರಿ ಮಾಡಿಕೊಟ್ಟದ್ದು ಆ ಅಕ್ಷದ ಲೆಕ್ಕವೇ. ಸಿಕ್ಕ ಪ್ರತಿ ತುಂಡಿಗೂ, ಅದನ್ನು ಈಗ ಎತ್ತಲಿ ಬಿಡಲಿ, ಅದರ ಜಾಗದಲ್ಲಿ ಪೂರ್ತಿ ಸಿಲಿಂಡರ್ ಇಟ್ಟುಬಿಟ್ಟೆ. ಕಾಣದ ಪಕ್ಕೆ, ಹೊಟ್ಟೆ ಎಲ್ಲ ತುಂಬಿದ್ದು ಅಂತಾಯಿತು. ಉಳಿದ ಗೊತ್ತಿಲ್ಲದ ಜಾಗ ಬೆರಳಿನ ಗಾತ್ರದ 15 ಶೇಕಡಾ ಮೀರಿದರೆ ಆ ಪೋಸ್ ಬೇಡ. ಯಾವುದೂ ಸಿಗದಿದ್ದರೆ ಮಾತ್ರ 30ಕ್ಕೆ ಏರಿಸುತ್ತೇನೆ, ಆದರೆ ಕೊನೆಯ 40 ಮಿ.ಮೀ. ನಿಧಾನವಾಗಿ ಇಳಿದು, ಸ್ವಲ್ಪ ತಡೆ ಸಿಕ್ಕರೂ ಹಿಂದಕ್ಕೆ ಬರುವ ಹಾಗೆ.

ಇದಕ್ಕೆ ಮಿತಿ ಇದೆ. ಎರಡು ಹೊಳೆಯುವ ಪಿನ್‌ಗಳ ನಡುವೆ ಬೆಳಕು ಅತ್ತಿಂದಿತ್ತ ಪುಟಿದು ಕಣಿವೆಯಲ್ಲಿ ಇಲ್ಲದ ಮೇಲ್ಮೈಯೊಂದನ್ನು ತೋರಿಸುತ್ತದೆ. ಮೂರು ಎಕ್ಸ್‌ಪೋಷರ್ ತೆಗೆದು ಸೇರಿಸಿದರೆ ಹೊಳಪಿನ ತೂತುಗಳು ಕಮ್ಮಿಯಾಗುತ್ತವೆ, ಈ ಭೂತ ಮಾತ್ರ ಹೋಗುವುದಿಲ್ಲ. ಪುಣ್ಯಕ್ಕೆ ಅದು ಹೆಚ್ಚಾಗಿ ಇಲ್ಲದ್ದನ್ನು ಇದೆ ಅನ್ನುವ ತಪ್ಪು, ಸಾಮಾನ್ಯವಾಗಿ ಗುದ್ದಿಸುವುದಿಲ್ಲ, ಒಂದೆರಡು ಒಳ್ಳೆಯ ಪೋಸ್ ಕಳೆಯುತ್ತದೆ ಅಷ್ಟೇ.

ಕ್ಯಾಮೆರಾ ಮತ್ತು ರೋಬೋಟ್ ನಡುವಿನ ಕ್ಯಾಲಿಬ್ರೇಷನ್, ಅಂದರೆ ಕ್ಯಾಮೆರಾದ ಅಳತೆಯನ್ನು ರೋಬೋಟಿನ ಅಳತೆಗೆ ಹೊಂದಿಸುವುದರ ಬಗ್ಗೆ ಒಂದೇ ಮಾತು: ಕ್ಯಾಮೆರಾದ ಓರೆಯಲ್ಲಿ ಅರ್ಧ ಡಿಗ್ರಿ ತಪ್ಪಿದರೂ 900 ಮಿ.ಮೀ. ದೂರದಲ್ಲಿ ಅದು ಹೆಚ್ಚುಕಮ್ಮಿ 8 ಮಿ.ಮೀ., ಅಂದರೆ ಪಿನ್ನಿನ ಅರ್ಧ ದಪ್ಪದ ಹತ್ತಿರ. ಕ್ರೇಟಿನ ತಳದಲ್ಲೂ ಮೇಲಿನ ಅಂಚಿನ ಮಟ್ಟದಲ್ಲೂ ಗುರುತು ಹಾಕಿದ ಹಲಗೆ ಇಟ್ಟು, ಚೂಪು ತುದಿಯಿಂದ ನಾಲ್ಕೂ ಮೂಲೆ ಮುಟ್ಟಿಸಿ ನೋಡಿ. ಒಂದೇ ಎತ್ತರದಲ್ಲಿ ಸರಿ ಬಂದರೆ ನಂಬಬೇಡಿ.

ಈಗ ಉಳಿದಿರುವುದು ಕೊನೆಯ ಪದರ. ಗೋಡೆಗೆ ಒತ್ತಿ ಉದ್ದಕ್ಕೆ ಮಲಗಿದ ಪಿನ್ನಿಗೆ ಬೆರಳು ಹೋಗಲು ಒಂದು ಕಡೆ ಜಾಗವೇ ಇಲ್ಲ, ಯಾವ ಲೆಕ್ಕವೂ ಅದನ್ನು ಹುಟ್ಟಿಸುವುದಿಲ್ಲ. ಅಂಥದ್ದು ಬಂದರೆ ಬೆರಳು ಮುಚ್ಚಿಕೊಂಡು ಹೋಗಿ ಪಿನ್ನಿನ ಒಂದು ತುದಿಯನ್ನು ಬೆನ್ನ ಮೇಲಿನಿಂದ ಒತ್ತಿ, 30 ಮಿ.ಮೀ. ನಡುವಿನ ಕಡೆಗೆ ಎಳೆದು, ಕೈ ಪಕ್ಕಕ್ಕೆ ಸರಿಸಿ ಮತ್ತೆ ಫೋಟೋ ತೆಗೆಯುತ್ತೇನೆ.