ಪೆನ್ಸಿಲ್ ಸ್ಕೆಚ್‌ನಿಂದ ಮಾಡೆಲ್ ಫೋಟೋವರೆಗೆ: ಹೊಲಿಗೆ ಗೆರೆ ಉಳಿಸಿಕೊಂಡ ನನ್ನ ಅನುಭವ

"ಬಟ್ಟೆ ಬರುತ್ತೆ, ಹೊಲಿಗೆ ಬರಲ್ಲ" ಅಂತ, ಸ್ಕೆಚ್ಚಿನಿಂದ ಎಐನಲ್ಲಿ ಮಾಡೆಲ್ ಫೋಟೋ ಮಾಡುತ್ತೇನೆ ಅಂದಾಗ ನಮ್ಮ ಕಟಿಂಗ್ ಮಾಸ್ಟರ್ ಮೊದಲೇ ಹೇಳಿದ್ದರು. ಈಗ ಅವರು ನನ್ನ ಪ್ರಿಂಟ್ ನೋಡಿಕೊಂಡೇ ಕತ್ತರಿ ಹಿಡಿಯುತ್ತಾರೆ.

ಕೆಲಸ ಸಿಕ್ಕಿದ್ದು ರಾ ಸಿಲ್ಕ್‌ನ ಪ್ರಿನ್ಸೆಸ್ ಕಟ್ ಬ್ಲೌಸ್‌ದು. ಆರ್ಮ್‌ಹೋಲ್‌ನಿಂದ ಹೊರಟು ಎದೆಯ ಮೇಲೆ ಹಾದು ಸೊಂಟಕ್ಕಿಳಿಯುವ ಆ ಎರಡು ಗೆರೆಗಳೇ ಅದರ ಜೀವ. ಅರ್ಧ ಇಂಚು ಜರುಗಿದರೂ ಅದು ಬೇರೆ ಬ್ಲೌಸ್.

ಚಿತ್ರ ಬರೆಯುವ ಎಐ ಸ್ಟೇಬಲ್ ಡಿಫ್ಯೂಷನ್, ಅದನ್ನು ನಮ್ಮ ಗೆರೆಯ ಮೇಲೆ ನಡೆಸುವುದು ಕಂಟ್ರೋಲ್‌ನೆಟ್. ಅದರಲ್ಲಿ ಸ್ಕೆಚ್ಚನ್ನು ನೇರವಾಗಿ ಅಂಚು ಹುಡುಕುವ `canny`ಗೆ ಕೊಟ್ಟರೆ ಪೆನ್ಸಿಲ್ ಗೆರೆಯ ಎರಡೂ ಅಂಚು ಹಿಡಿಯುತ್ತದೆ. ಒಂದು ಹೊಲಿಗೆ ಎರಡಾಗಿ, ನಡುವೆ ಪೈಪಿಂಗ್ ಹಾಕಿದ ಹಾಗೆ ಬರುತ್ತದೆ. `scribble` ಆಕಾರ ಕೊಡುತ್ತದೆ, ಹೊಲಿಗೆ ನುಂಗುತ್ತದೆ. ಇನ್ನು ಡಿಸೈನರ್ ಸುಮ್ನೆ ಹಾಕಿದ ಶೇಡಿಂಗ್ ನೆರಿಗೆಯಾಗಿ ಕೂರುತ್ತದೆ. ಗೆರೆಯನ್ನೇ ತಗೊಳ್ಳದ ಒಂದು ಸೈಟಿನ ಚಂದಾಕ್ಕೆ ಎಂಟು ಸಾವಿರದಷ್ಟು ಹೋಯಿತು.

ದಾರಿ ಸಿಕ್ಕಿದ್ದು ಟ್ರೇಸಿಂಗ್ ಪೇಪರಿನಲ್ಲಿ. ಸ್ಕೆಚ್ ಮೇಲಿಟ್ಟು ಹೊರಗೆರೆ ಮತ್ತು ಹೊಲಿಗೆ ಮಾತ್ರ ತೆಳು ಪೆನ್ನಿನಲ್ಲಿ ಎಳೆದೆ. ಅದನ್ನು ಸ್ಕ್ಯಾನ್ ಮಾಡಿ, ಗೆರೆ ಬಿಳಿ, ಹಿನ್ನೆಲೆ ಕಪ್ಪು ಆಗುವಂತೆ `invert` ಮಾಡಿ, ಕಂಟ್ರೋಲ್‌ನೆಟ್‌ನ `lineart` ಮಾಡೆಲ್‌ಗೆ ಕೊಟ್ಟೆ.

ಅದಕ್ಕೂ ಮೊದಲು ಆ ಗೆರೆಗಳನ್ನು ಫೋಟೋದ ಮಾಡೆಲ್ ಮೈಗೆ ಹೊಂದಿಸಬೇಕು. ಫ್ಯಾಷನ್ ಸ್ಕೆಚ್ಚಿನ ಹೆಂಗಸು ಒಂಬತ್ತು ತಲೆ ಎತ್ತರ, ನಿಜವಾದವಳು ಏಳೂವರೆ. ಹಾಗಾಗಿ ಒಂದೊಂದು ಪ್ಯಾನೆಲ್ ಬೇರೆ ಬೇರೆ ಕತ್ತರಿಸಿ, ಭುಜ, ಎದೆ, ಸೊಂಟದ ಬಿಂದು ಕೂಡಿಸಿ, ಎಳೆದು ಬಗ್ಗಿಸಿ ವಾರ್ಪ್ ಮಾಡುತ್ತೇನೆ. ಜಾಸ್ತಿ ಹೊತ್ತು ಹಿಡಿಯುವುದು ಇದೇ, ಮುಕ್ಕಾಲು ಗಂಟೆ.

ಇನ್ನೊಂದು ತೊಡಕು ಸೈಜಿನದು. ಸ್ಟೇಬಲ್ ಡಿಫ್ಯೂಷನ್ ಚಿತ್ರವನ್ನು ಒಳಗೆ ಎಂಟು ಪಟ್ಟು ಕುಗ್ಗಿಸಿಕೊಳ್ಳುತ್ತದೆ. ಪೂರ್ತಿ ಫೋಟೋದಲ್ಲಿ ಬ್ಲೌಸ್ ಮುನ್ನೂರು ಪಿಕ್ಸೆಲ್ ಇದ್ದರೆ ಹೊಲಿಗೆ ಅಲ್ಲೇ ಕರಗುತ್ತದೆ. ಅದಕ್ಕೇ ಮಾಸ್ಕ್ ಹಾಕಿ ಗುರುತಿಸಿದ ಜಾಗವನ್ನಷ್ಟೇ ಬರೆಸುವ `Only masked` ಇಟ್ಟು, ಬ್ಲೌಸ್ ಭಾಗವನ್ನಷ್ಟೇ 1024 ಪಿಕ್ಸೆಲ್‌ಗೆ ಹಿಗ್ಗಿಸಿದೆ.

ಗೆರೆಯ ಹಿಡಿತ ಎಷ್ಟು ಅನ್ನುವ `Control Weight` 1, ಆ ಹಿಡಿತ ಎಲ್ಲಿ ಬಿಡಬೇಕು ಅನ್ನುವ `Ending Control Step` 0.8 ಹತ್ತಿರ. ಕೊನೆವರೆಗೂ ಬಿಟ್ಟರೆ ಹೊಲಿಗೆ ಪೆನ್ನಲ್ಲಿ ಬರೆದಂತೆ ಕಾಣುತ್ತದೆ, 0.6ಕ್ಕೆ ಇಳಿಸಿದರೆ ಜರುಗುತ್ತದೆ. ಇದ್ದ ಚಿತ್ರ ಎಷ್ಟು ಬದಲಾಗಬೇಕು ಅನ್ನುವ ಡಿನಾಯ್ಸ್ ಮೊದಲ ಸುತ್ತಿಗೆ 0.75, ಬಟ್ಟೆಯ ನೇಯ್ಗೆಗೆ ಎರಡನೇ ಸುತ್ತು 0.3. ಆಮೇಲೆ ಟ್ರೇಸ್ ಲೇಯರ್ ಮೇಲಿಟ್ಟು ಆನ್-ಆಫ್ ಮಾಡಿ ನೋಡುತ್ತೇನೆ. ಗೆರೆ ಅಲುಗಾಡಿದಂತೆ ಕಂಡರೆ ಅದು ಬೇಡ. ಹೊಲಿಗೆ ಪಕ್ಕದ ಸಣ್ಣ ಸುಕ್ಕಿನ ನೆರಳು ಹೇಗೆ ತರುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ನಡುವೆ ಪಟ್ಟೆ ಬಟ್ಟೆ ಮೇಲೂ ಪ್ರಯೋಗ ಮಾಡಿದೆ. ನಿಜವಾದ ಬ್ಲೌಸಿನಲ್ಲಿ ಪಟ್ಟೆ ಹೊಲಿಗೆಯ ಹತ್ತಿರ ಮುರಿಯಬೇಕು ಅಲ್ವಾ? ಇಲ್ಲಿ ದಾಟಿಕೊಂಡು ಹೋಗುತ್ತದೆ. ಪ್ಯಾನೆಲ್‌ಗೊಂದು ಮಾಸ್ಕ್ ಹಾಕಿದ ಮೇಲೆ ಸರಿಹೋಯಿತು.

ಬಾಡಿಗೆ ಜಿಪಿಯು ಗಂಟೆಗೆ ಐವತ್ತು ರೂಪಾಯಿ ಆಸುಪಾಸು, ಒಂದು ಬ್ಲೌಸಿಗೆ ನೂರರೊಳಗೆ ಮುಗಿಯುತ್ತದೆ. ಸ್ಯಾಂಪಲ್ ಹೊಲಿಸಲು ಬಟ್ಟೆ, ಕೂಲಿ ಸೇರಿ ಮೂರು ಸಾವಿರ ಬೀಳುತ್ತಿತ್ತು. ಕಪ್ಪು ವೆಲ್ವೆಟ್ ಮಾತ್ರ ಇನ್ನೂ ಒಪ್ಪಿಕೊಳ್ಳುತ್ತಿಲ್ಲ. ಅದರಲ್ಲಿ ಗೆರೆ ಸರಿಯಾಗಿ ಬಂದರೂ ಕಣ್ಣಿಗೆ ಕಾಣುವುದಿಲ್ಲ.