ಮಗುವಿಗೆ ಗಟ್ಟಿ ಮಲ: ಔಷಧಿ ನಿಲ್ಲಿಸುವ ಮುಂಚೆ

ಜಗಳೂರು ಕಡೆಯ ತಾಯಿಯೊಬ್ಬರು ಮಗನೆದುರು ಹೇಳಲು ಸಂಕೋಚವೆಂದು ದಾವಣಗೆರೆಯ ನನ್ನ ಕ್ಲಿನಿಕ್ಕಿಗೆ ಪತ್ರ ಬರೆದು ತಂದಿದ್ದರು. ‘ಡಾಕ್ಟ್ರೇ, ಹುಡುಗನಿಗೆ ಮೂರು ವರ್ಷ. ನಾಲ್ಕು ದಿನಕ್ಕೊಮ್ಮೆ ಕಲ್ಲಿನಂಗೆ ಕಕ್ಕ ಮಾಡ್ತಾನೆ, ಒಂದೊಂದ್ಸಲ ಗೆರೆಯಂಗೆ ರಕ್ತ ಅಂಟಿರ್ತದೆ. ಬಾಗಿಲ ಹಿಂದೆ ಹೋಗಿ ಕಾಲು ಬಿಗಿ ಹಿಡ್ಕೊಂಡು ತಿಣುಕ್ತಾನೆ. ನೀವು ಕೊಟ್ಟ ಪುಡಿಗೆ ಎರಡನೇ ದಿನ ಚಡ್ಡಿಯೆಲ್ಲ ನೀರು ನೀರು. ಭೇದಿ ಹತ್ತಿತು ಅಂತ ನಿಲ್ಲಿಸಿಬಿಟ್ಟೆ.’

ಹೆಚ್ಚಿನವರು ಎಡವುವುದು ಇಲ್ಲೇ. ಅವನು ತಿಣುಕುತ್ತಿರಲಿಲ್ಲ, ತಡೆಹಿಡಿಯುತ್ತಿದ್ದ. ಒಮ್ಮೆ ನೋವುಂಡ ಮಗು ಕಾಲು ಜೋಡಿಸಿ, ತುದಿಗಾಲಲ್ಲಿ ನಿಂತು ಮಲವನ್ನು ಒಳಗೇ ಹಿಡಿಯುತ್ತದೆ. ಒಳಗುಳಿದದ್ದು ಇನ್ನಷ್ಟು ಗಟ್ಟಿಯಾಗಿ ಉಂಡೆ ಕಟ್ಟುತ್ತದೆ. ಆ ಉಂಡೆಯ ಪಕ್ಕದಿಂದ ಮೇಲಿನ ತೆಳು ಮಲ ಜಾರಿ ಚಡ್ಡಿಗೆ ಸೋರುತ್ತದೆ. ಅದು ಭೇದಿಯಲ್ಲ, ಉಂಡೆ ಇನ್ನೂ ಒಳಗಿದೆ ಎಂಬುದರ ಗುರುತು.

ಮೊದಲು ಆ ಉಂಡೆ ಹೊರಬರಬೇಕು. ನಾನು ಬರೆಯುವುದು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಅದು ಕರುಳಿನಲ್ಲಿ ನೀರು ಹಿಡಿದಿಟ್ಟು ಮಲವನ್ನು ಮೆತ್ತಗಾಗಿಸುತ್ತದೆ. ಈ ಹುಡುಗನ ತೂಕ 14 ಕಿಲೋ. ದಿನಕ್ಕೆ 14 ಗ್ರಾಂ ಪುಡಿಯನ್ನು ಎರಡು ಪಾಲು ಮಾಡಿ ನೀರಿನಲ್ಲಿ ಕದಡಿ ಕೊಡಲು ಹೇಳಿದೆ. ಅಳತೆ ತೂಕದ ಮೇಲೆ ನಿಲ್ಲುವುದರಿಂದ ನಿಮ್ಮ ಮಗುವಿನದನ್ನು ವೈದ್ಯರೇ ಹೇಳಬೇಕು. ಸಾಮಾನ್ಯವಾಗಿ 3ರಿಂದ 6 ದಿನ ಬೇಕು. ಗಟ್ಟಿ ತುಣುಕುಗಳು ಹೋಗಿ, ಬರುವುದೆಲ್ಲ ತೆಳುವಾಗಿ, ಹೊಟ್ಟೆ ಮೆತ್ತಗಾದರೆ ಖಾಲಿಯಾಯಿತೆಂದು ತಿಳಿಯಿರಿ. ನಡುವೆ ಚಡ್ಡಿ ಕೊಳೆಯಾದೀತು, ಬೈಯಬೇಡಿ.

ಗುದದೊಳಗೆ ಸೋಪಿನ ಚೂರು, ಹರಳೆಣ್ಣೆ ಸವರಿದ ವೀಳ್ಯದೆಲೆ ತೊಟ್ಟು ತೂರಿಸುವುದು ಬೇಡವೇ ಬೇಡ. ಬಿರುಕುಬಿಟ್ಟ ಜಾಗಕ್ಕೆ ಮತ್ತೆ ನೋವಾಗಿ, ಮಗು ಇನ್ನೂ ಬಿಗಿಯಾಗಿ ಹಿಡಿಯುತ್ತದೆ.

ಆಮೇಲೆ ಪ್ರಮಾಣ ಇಳಿಸಿದೆವು, ದಿನಕ್ಕೆ ಸುಮಾರು 6 ಗ್ರಾಂ. ಹಿಗ್ಗಿದ ಗುದನಾಳ ಮೊದಲಿನಂತಾಗಿ, ಒತ್ತಡ ಮತ್ತೆ ಸರಿಯಾಗಿ ತಿಳಿಯಲು ತಿಂಗಳುಗಳೇ ಬೇಕು. ಊಟವಾದ ಮೇಲೆ ಕರುಳು ತಾನೇ ಚಲಿಸುತ್ತದೆ. ಆಗ ಐದು ನಿಮಿಷ ಕೂರಿಸಿ. ಕಮೋಡಾದರೆ ಪಾದದಡಿ ಮಣೆ ಇಡಿ. ನನ್ನನ್ನು ಕೇಳಿದರೆ ಪುಟ್ಟ ಮಕ್ಕಳಿಗೆ ಕುಕ್ಕರುಗಾಲೇ ಸರಿ.

ಹಾಲು ದಿನಕ್ಕೆ ಅರ್ಧ ಲೀಟರ್ ದಾಟದಿರಲಿ. ಹಾಲಿಗೆ ಬೆರೆಸುವ ಡಬ್ಬಿ ಪುಡಿಗಳಿಂದ ಹೊಟ್ಟೆ ತುಂಬಿ ಊಟ ಸೇರುವುದಿಲ್ಲ, ಬಿಟ್ಟುಬಿಡಿ. ಸೊಪ್ಪಿನ ಸಾರು, ರೊಟ್ಟಿ, ಪಪ್ಪಾಯಿ, ನೀರು ಸಾಕು.

ಹುಟ್ಟಿದ 48 ಗಂಟೆಯೊಳಗೆ ಮೊದಲ ಮಲ ಆಗದಿದ್ದ, ಹಸಿರು ವಾಂತಿಯಾಗುವ, ಹೊಟ್ಟೆ ಉಬ್ಬಿದ ಅಥವಾ ತೂಕ ಏರದ ಮಗುವಾದರೆ ಇದಾವುದನ್ನೂ ಮನೆಯಲ್ಲಿ ಮಾಡದೆ ವೈದ್ಯರಿಗೆ ತೋರಿಸಿ.

ಔಷಧಿ ಕನಿಷ್ಠ ಎರಡು ತಿಂಗಳು. ನೋವಿಲ್ಲದೆ ಒಂದು ತಿಂಗಳು ಪೂರ್ತಿ ಕಳೆದ ಮೇಲೆ ಸ್ವಲ್ಪಸ್ವಲ್ಪವೇ ಇಳಿಸಿ, ಒಮ್ಮೆಗೇ ನಿಲ್ಲಿಸಬೇಡಿ. ಆ ಹುಡುಗ ಬಾಗಿಲ ಹಿಂದೆ ಹೋಗುವುದನ್ನು ಬಿಟ್ಟದ್ದು ಮೂರನೇ ತಿಂಗಳಲ್ಲಿ.